ಕೆಲಸ ಬಿಟ್ಟಿದ್ದಕ್ಕೆ ನಾನೇ ₹20,181 ಕೊಡಬೇಕಂತೆ: ಎಚ್‌ಆರ್‌ಗೆ ಮೇಲ್ ಹೇಗೆ ಬರೆಯಲಿ?

ಜಾಲಹಳ್ಳಿ ಕ್ರಾಸ್
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿ ಬಿಟ್ಟು ಬೇರೆ ಕಡೆ ಸೇರಿದ್ದೀನಿ. ಸೇರಿದ್ದು 2021ರ ಏಪ್ರಿಲ್ 12, ರಾಜೀನಾಮೆ ಕೊಟ್ಟಿದ್ದು ಕಳೆದ ಡಿಸೆಂಬರ್ 1, ಕೊನೆಯ ದಿನ 2026ರ ಜನವರಿ 9. ನೋಟಿಸ್ 60 ದಿನ ಇತ್ತು, 40 ದಿನ ಮಾಡಿದೆ. ಬಾಕಿ 20 ದಿನಕ್ಕೆ ದುಡ್ಡು ಕಟ್ ಮಾಡ್ಕೊಳ್ಳಿ ಅಂತ ಮ್ಯಾನೇಜರ್ ಒಪ್ಪಿಸಿಯೇ ಬಂದದ್ದು.

ಈಗ ಫೆಬ್ರವರಿ ಮೂರನೇ ವಾರ. ನಿನ್ನೆ ಎಫ್‌ಎನ್‌ಎಫ್, ಅಂದ್ರೆ ಫುಲ್ ಅಂಡ್ ಫೈನಲ್ ಲೆಕ್ಕದ ಶೀಟ್ ಬಂತು. ಜನವರಿಯ 9 ದಿನದ ಸಂಬಳ ₹17,419, ಉಳಿದಿದ್ದ 12 ರಜೆಗೆ ₹9,600. ಕಡಿತ: ನೋಟಿಸ್ ₹40,000, ಅದರ ಮೇಲೆ ಜಿಎಸ್‌ಟಿ ₹7,200. ಲೆಕ್ಕ ಹಾಕಿದ್ರೆ ನಾನೇ ₹20,181 ಕೊಡಬೇಕು. ಕೊಟ್ಟ ಮೇಲೆ ರಿಲೀವಿಂಗ್ ಲೆಟರ್ ಅಂತೆ. ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಆ ಲೆಟರ್‌ಗಾಗಿ ಕುತ್ತಿಗೆ ಮೇಲೆ ಕೂತಿದ್ದಾರೆ. ಪಿಎಫ್ ಟ್ರಾನ್ಸ್‌ಫರ್ ಮಾಡ್ಕೊಡಿ ಅಂತ ಕೇಳಿದ್ರೆ ಉತ್ತರವೇ ಇಲ್ಲ.

ಸಂಬಳ ತಿಂಗಳಿಗೆ 60,000, ಅದರಲ್ಲಿ ಬೇಸಿಕ್ 24,000. ಜಗಳ ಆಡದೆ, ಆದ್ರೆ ಕೆಲಸ ಆಗೋ ಹಾಗೆ ಒಂದು ಮೇಲ್ ಬರೀಬೇಕು. ಏನು ಬರೀಲಿ?

ಗಿರ್ಮಿಟ್ ಪ್ರಿಯ
ಐದು ವರ್ಷದ ಹತ್ತಿರ ದುಡದು ಕೊನಿಗೆ ಅವರಿಗೇ ರೊಕ್ಕಾ ಕೊಟ್ಟು ಬರೂದಾ? ಏನ್ ಕಾಲ ಬಂತ್ರಿ.

ಕಾನೂನು ಕಣ್ಣು
45 ದಿನ ಕಾಯಿರಿ. ಫುಲ್ ಅಂಡ್ ಫೈನಲ್‌ಗೆ 45 ದಿನ ಅಂತ ಕಾನೂನಲ್ಲೇ ಇದೆ. ಅದು ಮುಗಿದ ಮೇಲೆ ಲಾಯರ್ ನೋಟಿಸ್ ಕಳಿಸಿ.

ಪೇರೋಲ್ ಅಕ್ಕ
@ಕಾನೂನು ಕಣ್ಣು, 45 ದಿನ ಕಾನೂನಲ್ಲಿಲ್ಲ ಸರ್. ಅದು ಕಂಪನಿಗಳ ಪಾಲಿಸಿ ಪುಸ್ತಕದಲ್ಲಿರೋ ಸಂಖ್ಯೆ, ಎಲ್ಲರೂ ಹೇಳಿ ಹೇಳಿ ಕಾನೂನಿನ ಥರ ಆಗಿಬಿಟ್ಟಿದೆ. 2025ರ ನವೆಂಬರ್ 21ಕ್ಕೆ ವೇತನ ಸಂಹಿತೆ ಜಾರಿಗೆ ಬಂತಲ್ಲ, ಅದರ 17ನೇ ಸೆಕ್ಷನ್ ಪ್ರಕಾರ ತೆಗೆದುಹಾಕಿದರೂ, ತಾವೇ ರಾಜೀನಾಮೆ ಕೊಟ್ಟರೂ, ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು. ಮೊದಲಿದ್ದ ಹಳೇ ಕಾಯ್ದೆಯಲ್ಲಿ ಈ ಎರಡು ದಿನ ಮಾಲೀಕರು ತೆಗೆದುಹಾಕಿದವರಿಗೆ ಮಾತ್ರ ಇತ್ತು, ಅದೂ ಕಡಿಮೆ ಸಂಬಳದವರಿಗೆ.

@ಜಾಲಹಳ್ಳಿ ಕ್ರಾಸ್, ಮೇಲ್ ಬರೆಯೋ ಮುಂಚೆ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟಿಸ್ ಪ್ಯಾರಾ ಓದಿ. "ಬದಲಿಗೆ ಬೇಸಿಕ್ ಸಂಬಳ" ಅಂತಿದೆಯೋ, "ಒಟ್ಟು ಸಂಬಳ" ಅಂತಿದೆಯೋ? ನಿಮ್ಮ ಶೀಟ್‌ನಲ್ಲಿ ರಜೆಗೆ ಕೊಡುವಾಗ ದಿನಕ್ಕೆ 800 ಲೆಕ್ಕ ಹಾಕಿದ್ದಾರೆ, ಅಂದ್ರೆ ಬೇಸಿಕ್ ಮೇಲೆ. ನಿಮ್ಮಿಂದ ವಸೂಲಿ ಮಾಡುವಾಗ ದಿನಕ್ಕೆ 2,000, ಅಂದ್ರೆ ಪೂರ್ತಿ ಸಂಬಳದ ಮೇಲೆ. ಕೊಡೋ ಕೈಗೆ ಒಂದು ಸೇರು, ತಗೊಳ್ಳೋ ಕೈಗೆ ಇನ್ನೊಂದು ಸೇರು.

ನೀರುದೋಸೆ
ಅಲ್ಲ ಮಾರಾಯ್ರೆ, ನೋಟಿಸ್ ದುಡ್ಡಿನ ಮೇಲೆ ಜಿಎಸ್‌ಟಿಯಾ?? ನಾವೇನು ಕಂಪನಿಯಿಂದ ಸಾಮಾನು ತಗೊಂಡದ್ದಾ?

ಪೇರೋಲ್ ಅಕ್ಕ
ಒಂದು ಕಾಲದಲ್ಲಿ ಹಾಕ್ತಿದ್ರು. ಬೇಗ ಬಿಡೋಕೆ ಕಂಪನಿ ಒಪ್ಪಿಕೊಂಡಿದ್ದೇ ಒಂದು ಸೇವೆ, ಅದಕ್ಕೆ ತೆರಿಗೆ ಅನ್ನೋ ವಾದ ಇತ್ತು. 2022ರ ಆಗಸ್ಟ್ 3ರಂದು ಸಿಬಿಐಸಿ 178/10/2022-GST ಸುತ್ತೋಲೆ ಹೊರಡಿಸಿ, ನೋಟಿಸ್ ಪೂರೈಸದೆ ಹೋದ ನೌಕರರಿಂದ ಹಿಡಿದ ಹಣ ಸೇವೆಗೆ ಕೊಟ್ಟ ಬೆಲೆಯಲ್ಲ, ಜಿಎಸ್‌ಟಿ ಬೀಳೋದಿಲ್ಲ ಅಂತ ಸ್ಪಷ್ಟ ಮಾಡಿತು. ಆದ್ರೂ ಹಳೇ ಎಕ್ಸೆಲ್ ಶೀಟ್‌ನಲ್ಲಿ 18% ಕಾಲಂ ಹಾಗೇ ಉಳಿದಿರುತ್ತೆ, ಯಾರೂ ತೆಗೆದಿರೋಲ್ಲ. ಮೇಲ್‌ನಲ್ಲಿ ಸುತ್ತೋಲೆ ಸಂಖ್ಯೆ, ತಾರೀಖು ಎರಡೂ ಹಾಕಿ. ಈ 7,200ಕ್ಕೆ ಅವರು ವಾದ ಮಾಡೋ ಹಾಗಿಲ್ಲ.

ರಾಗಿಮುದ್ದೆ_77
ಪಿಎಫ್ ವಿಷಯ ಬಂತಲ್ಲ, ನಾನೂ ಕೇಳ್ತೀನಿ. ತುಮಕೂರಲ್ಲಿ ಮನೆ ಕಟ್ತಾ ಇದೀನಿ, ಮೋಲ್ಡ್ ಹಾಕೋ ಹಂತ. ಪಿಎಫ್‌ನಿಂದ ಎಷ್ಟು ತೆಗೀಬಹುದು? ಎಚ್‌ಆರ್‌ಗೆ ಮೇಲ್ ಹಾಕಬೇಕಾ?

ನೀರುದೋಸೆ
ಇವರು ಕೇಳಿದ್ದು ಟ್ರಾನ್ಸ್‌ಫರ್, ನೀವು ಕೇಳೋದು ಅಡ್ವಾನ್ಸ್. ಬೇರೆ ಥ್ರೆಡ್ ಹಾಕಿ ಸರ್.

ರಾಗಿಮುದ್ದೆ_77
ಎರಡೂ ಪಿಎಫ್ ತಾನೇ?

ಎಚ್‌ಆರ್ ಕಡೆಯವ
ನಾನು ಆ ಕಡೆ ಕೂರೋನು, ಬೈಬೇಡಿ. 😀 ನಮಗೆ ಬರೋ ಮೇಲ್‌ಗಳು ಹೇಗಿರುತ್ತೆ ಗೊತ್ತಾ? "ಡಿಯರ್ ಎಚ್‌ಆರ್, ನನ್ನ ಎಫ್‌ಎನ್‌ಎಫ್, ಪಿಎಫ್, ಲೆಟರ್ ಎಲ್ಲ ಆದಷ್ಟು ಬೇಗ ಕೊಡಿ." ಅಷ್ಟೇ. ಎಂಪ್ಲಾಯಿ ಐಡಿ ಇರೋಲ್ಲ, ಕಳಿಸಿದ ವಿಳಾಸ ಪರ್ಸನಲ್ ಜಿಮೇಲ್, ಅದರ ಹೆಸರು "ಕೂಲ್ ರಾಜಾ". ಯಾರ ಮೇಲ್ ಅಂತ ಹುಡುಕೋದ್ರಲ್ಲೇ ಎರಡು ದಿನ.

ಇನ್ನೊಂದು, ನೀವು ಕೇಳೋ ಮೂರೂ ಒಬ್ಬರ ಕೈಲಿರೋಲ್ಲ. ಹಣ ಫೈನಾನ್ಸ್ ಪೇರೋಲ್‌ನವರದ್ದು. ಪಿಎಫ್ ಬಹಳ ಕಡೆ ಹೊರಗಿನ ಕನ್ಸಲ್ಟೆಂಟ್ ಹತ್ರ ಇರುತ್ತೆ. ಲೆಟರ್ ಮಾತ್ರ ನಮ್ಮದು. ಒಂದೇ ಪ್ಯಾರಾದಲ್ಲಿ ಕಲಸಿ ಬರೆದ್ರೆ ನಾವು ಒಬ್ಬರಿಗೆ ಫಾರ್ವರ್ಡ್ ಮಾಡ್ತೀವಿ, ಉಳಿದಿಬ್ಬರಿಗೆ ಗೊತ್ತೇ ಆಗೋಲ್ಲ. ಒಂದೇ ಮೇಲ್ ಇರಲಿ, ಆದ್ರೆ ಮೂರು ತಲೆಬರಹ ಕೊಟ್ಟು ಬೇರೆ ಬೇರೆ ಬರೀರಿ. ರಾಜೀನಾಮೆ ಒಪ್ಪಿದ ಮೇಲ್, ಲ್ಯಾಪ್‌ಟಾಪ್ ವಾಪಸ್ ಕೊಟ್ಟ ರಸೀದಿ ಲಗತ್ತಿಸಿ.

ಗಿರ್ಮಿಟ್ ಪ್ರಿಯ
ಆಫೀಸ್ ಮೇಲ್ ಕೊನೇ ದಿನ ಸಂಜಿ ಆರಕ್ಕ ಬಂದ್ ಮಾಡ್ತೀರಲ್ರಿ, ಒಪ್ಪಿದ ಮೇಲ್ ಎಲ್ಲಿಂದ ತರೂದು?

ಎಚ್‌ಆರ್ ಕಡೆಯವ
ಅದಕ್ಕೇ ರಾಜೀನಾಮೆ ಕೊಡುವಾಗಲೇ ಪರ್ಸನಲ್ ಐಡಿನ ಸಿಸಿ ಹಾಕಿ ಅನ್ನೋದು. ಸಂಬಳದ ಚೀಟಿಗಳನ್ನೂ ಅವತ್ತೇ ಇಳಿಸಿಕೊಂಡಿರಬೇಕು.

ಜಾಲಹಳ್ಳಿ ಕ್ರಾಸ್
ಒಪ್ಪಿದ ಮೇಲ್ ನನ್ನ ಹತ್ರ ಇದೆ. ಅಪಾಯಿಂಟ್‌ಮೆಂಟ್ ಲೆಟರ್ ನೋಡಿದೆ ಅಕ್ಕ, "60 ದಿನದ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಬೇಸಿಕ್ ಸಂಬಳ" ಅಂತಲೇ ಇದೆ!

ಪೇರೋಲ್ ಅಕ್ಕ
ಹಾಗಾದ್ರೆ ಲೆಕ್ಕ ತಿರುಗಿತು ನೋಡಿ. ಬೇಸಿಕ್ 24,000, ಭಾಗ 30, ಗುಣ 20, ಅಂದ್ರೆ ನೋಟಿಸ್ ಕಡಿತ ₹16,000. ಜಿಎಸ್‌ಟಿ ಸೊನ್ನೆ. ನಿಮಗೆ ಬರಬೇಕಾದ್ದು 17,419 + 9,600 = 27,019. ಅದರಲ್ಲಿ 16,000 ಕಳೆದ್ರೆ ಅವರೇ ನಿಮಗೆ ₹11,019 ಕೊಡಬೇಕು. ಆ 9 ದಿನದ ಪಿಎಫ್ ಕಡಿತ ಇದರಲ್ಲಿ ಬಂದು ಸ್ವಲ್ಪ ಇಳಿಯುತ್ತೆ, ಅಷ್ಟೇ.

ಮೇಲ್‌ನಲ್ಲಿ "ಅನ್ಯಾಯ" ಅಂತೆಲ್ಲ ಬರೀಬೇಡಿ. ಅವರ ಅಂಕಿ, ನಿಮ್ಮ ಅಂಕಿ, ಯಾವ ಪ್ಯಾರಾ ಆಧಾರ, ಅಷ್ಟು ಸಾಕು. ಶೀಟ್ ಮಾಡಿದ ಹುಡುಗನಿಗೆ ಅಪಾಯಿಂಟ್‌ಮೆಂಟ್ ಲೆಟರ್ ಯಾರೂ ತೋರಿಸಿಯೇ ಇರೋಲ್ಲ.

ಕಾನೂನು ಕಣ್ಣು
ಸರಿ, ಎರಡು ದಿನ ಒಪ್ಪಿದೆ. ಹಾಗಾದ್ರೆ ಗ್ರಾಚ್ಯುಟಿ, ಪಿಎಫ್ ಎಲ್ಲವೂ ಎರಡೇ ದಿನದಲ್ಲಿ ಬರಬೇಕು, ಇಲ್ಲಾಂದ್ರೆ ಕೇಸ್.

ಪೇರೋಲ್ ಅಕ್ಕ
ಅಯ್ಯೋ, ಆ ಕಡೆ ಬಿದ್ರಿ ಈಗ. ಎರಡು ದಿನ ವೇತನಕ್ಕೆ ಮಾತ್ರ. ಗ್ರಾಚ್ಯುಟಿಗೆ 30 ದಿನ. ಪಿಎಫ್ ಕಂಪನಿಯ ಗಲ್ಲಾಪೆಟ್ಟಿಗೇಲಿ ಇರೋದೇ ಇಲ್ಲ, ಇಪಿಎಫ್‌ಒ ಹತ್ರ ಇರುತ್ತೆ.

ನೀರುದೋಸೆ
ಪಿಎಫ್ ಬಗ್ಗೆ ತಲೆಬಿಸಿ ಯಾಕೆ? ಯುಎಎನ್ ಒಂದೇ ಅಲ್ವಾ, ಹೊಸ ಕಂಪನಿ ದುಡ್ಡು ಕಟ್ಟಿದ ಕೂಡಲೇ ಹಳೇದು ತಾನಾಗಿ ಬಂದು ಸೇರ್ತದೆ.

ಪೇರೋಲ್ ಅಕ್ಕ
ಎಷ್ಟೋ ಜನರಿಗೆ ಬರುತ್ತೆ, ಎಷ್ಟೋ ಜನರಿಗೆ ಬರೋಲ್ಲ. ಯುಎಎನ್ ಒಂದೇ, ಆದ್ರೆ ಅದರ ಕೆಳಗೆ ಕಂಪನಿಗೊಂದು ಮೆಂಬರ್ ಐಡಿ. ಪಾಸ್‌ಬುಕ್ ತೆರೆದ್ರೆ `BGBNG` ಅಂತ ಒಂದು, `PYKRP` ಅಂತ ಇನ್ನೊಂದು, ಹೀಗೆ ಸಾಲಾಗಿ ಕೂತಿರುತ್ತವೆ. ಹಳೇದರ ಹಣ ಹೊಸದಕ್ಕೆ ಹೋಗಬೇಕಾದ್ರೆ ಹಳೇ ಐಡಿಗೆ ಕೆಲಸ ಬಿಟ್ಟ ತಾರೀಖು ಬಿದ್ದಿರಬೇಕು. ಅದೇ ಕೀಲಿ.

@ಜಾಲಹಳ್ಳಿ ಕ್ರಾಸ್, ನಿಮ್ಮ ಮೇಲ್‌ಗೆ ಉತ್ತರ ಬರದೇ ಇದ್ದದ್ದಕ್ಕೆ ಕಾರಣ ಬಹುಶಃ ಇದೇ. "ಪಿಎಫ್ ಟ್ರಾನ್ಸ್‌ಫರ್ ಮಾಡಿಕೊಡಿ" ಅಂದ್ರೆ ಹಳೇ ಎಚ್‌ಆರ್ ಮಾಡೋಕೆ ಏನೂ ಇಲ್ಲ. ಟ್ರಾನ್ಸ್‌ಫರ್ ಅರ್ಜಿ ನೀವೇ ಹಾಕಬೇಕು, ಮೆಂಬರ್ ಪೋರ್ಟಲ್‌ನ `Online Services` ಒಳಗೆ `One Member - One EPF Account (Transfer Request)`. ಅವರಿಂದ ಕೇಳಬೇಕಾದ್ದು ಎರಡೇ. ಜನವರಿ ತಿಂಗಳ ವಂತಿಗೆ ಕಟ್ಟಿದ್ದೀರಾ? ಅದರ ಗಡುವು ಫೆಬ್ರವರಿ 15ಕ್ಕೆ ಮುಗಿದಿದೆ. ಬಿಟ್ಟ ತಾರೀಖು 09-01-2026 ಅಂತ ಹಾಕಿದ್ದೀರಾ? `View` ಒಳಗೆ `Service History` ತೆರೆದ್ರೆ ತಾರೀಖು ಬಿದ್ದಿದೆಯೋ ಇಲ್ಲವೋ ನಿಮಗೇ ಕಾಣುತ್ತೆ.

ಎಚ್‌ಆರ್ ಕಡೆಯವ
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕಂಪನಿ ತಾರೀಖು ಹಾಕದಿದ್ರೆ ನೌಕರರೇ `Manage` > `Mark Exit`ನಲ್ಲಿ ಆಧಾರ್ ಓಟಿಪಿ ಕೊಟ್ಟು ಹಾಕಬಹುದು. ಆದ್ರೆ ಕೊನೆಯ ವಂತಿಗೆ ಬಿದ್ದು ಎರಡು ತಿಂಗಳು ಕಳೆದಿರಬೇಕು. ಅಲ್ಲೀವರೆಗೆ ಎಚ್‌ಆರ್‌ನ ಕೇಳೋದೇ ದಾರಿ.

ಕಾನೂನು ಕಣ್ಣು
ಟ್ರಾನ್ಸ್‌ಫರ್‌ಗೆ ಹಳೇ ಕಂಪನಿ ಡಿಜಿಟಲ್ ಸಹಿ ಹಾಕಬೇಕಲ್ಲ? ಸಾಲದ್ದಕ್ಕೆ ಅವರು ಅದನ್ನೂ ಹಿಡಿದಿಟ್ಟುಕೊಂಡ್ರೆ?

ಪೇರೋಲ್ ಅಕ್ಕ
2025ರ ಜನವರಿಯಿಂದ ಬಹಳಷ್ಟು ಜನಕ್ಕೆ ಅದು ಬೇಡ. ಯುಎಎನ್ 2017ರ ಅಕ್ಟೋಬರ್ 1ರ ನಂತರದ್ದಾಗಿ, ಆಧಾರ್ ಜೋಡಣೆ ಆಗಿ, ಎರಡೂ ಕಡೆ ಹೆಸರು, ಹುಟ್ಟಿದ ದಿನ, ಲಿಂಗ ಒಂದೇ ಇದ್ರೆ ಕಂಪನಿ ಒಪ್ಪಿಗೆ ಇಲ್ಲದೇ ಅರ್ಜಿ ನೇರ ಇಪಿಎಫ್‌ಒಗೆ ಹೋಗುತ್ತೆ. ಕಂಪನಿಗೇ ಸ್ವಂತ ಪಿಎಫ್ ಟ್ರಸ್ಟ್ ಇದ್ರೆ ಮಾತ್ರ ಕಥೆ ಬೇರೆ. ಆಗ ಟ್ರಸ್ಟ್‌ನವರು ನಿಮ್ಮ ಪಿಎಫ್ ಲೆಕ್ಕದ ವಿವರ ಇರೋ ಅನೆಕ್ಷರ್ ಕೆ ಕಳಿಸಬೇಕು, ಹಣವೂ ಅವರೇ ಕಳಿಸಬೇಕು. ಇಪಿಎಫ್‌ಒ ಪಾಸ್‌ಬುಕ್ ನಿಮಗೆ ತೆರೆಯುತ್ತೆ ಅಂದ್ರೆ ಟ್ರಸ್ಟ್ ಅಲ್ಲ, ನಿಶ್ಚಿಂತೆ.

ಅಂದಹಾಗೆ ಟ್ರಾನ್ಸ್‌ಫರ್ ಆದ ಮೇಲೆ "ಪೆನ್ಶನ್ ಕಾಲಂ ಸೊನ್ನೆ ಆಯ್ತು, ದುಡ್ಡು ನುಂಗಿದ್ರು" ಅಂತ ಗಾಬರಿ ಬೀಳಬೇಡಿ. ಪೆನ್ಶನ್ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗೋದಿಲ್ಲ, ಸೇವೆಯ ವರ್ಷಗಳು ಮಾತ್ರ ಹೋಗುತ್ತವೆ.

ಮ್ಯೂನಿಕ್ ಮಲೆನಾಡಿಗ
ರಿಲೀವಿಂಗ್ ಲೆಟರ್ ಬಗ್ಗೆ ನನ್ನ ಕಥೆ ಕೇಳಿ. ನಾನಿದ್ದ ಒಂದು ಸ್ಟಾರ್ಟಪ್ ಬಾಗಿಲು ಹಾಕ್ತು, ಲೆಟರ್ ಕೊಡೋಕೆ ಯಾರೂ ಉಳಿದಿರಲಿಲ್ಲ. ಮುಂದಿನ ಕಂಪನಿಯ ವೆರಿಫಿಕೇಶನ್‌ಗೆ ಫಾರ್ಮ್ 16, ಪಿಎಫ್ ಸರ್ವಿಸ್ ಹಿಸ್ಟರಿ, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟೆ, ಒಪ್ಪಿದ್ರು. ನೀವೂ ಹೊಸ ಎಚ್‌ಆರ್‌ಗೆ ಪರಿಸ್ಥಿತಿ ಮೊದಲೇ ಹೇಳಿಬಿಡಿ, ಮುಚ್ಚಿಟ್ರೆ ಅನುಮಾನ ಪಡ್ತಾರೆ.

ಆದ್ರೆ ಜರ್ಮನಿಗೆ ಬರುವಾಗ ಅದು ಸಾಕಾಗಲಿಲ್ಲ. ಇಲ್ಲಿ ಯಾವ ಕೆಲಸ ಮಾಡಿದ್ದೆ ಅನ್ನೋ ವಿವರ ಇರೋ ಅನುಭವ ಪತ್ರ ಕೇಳ್ತಾರೆ, "ಇಂಥ ದಿನ ಬಿಡುಗಡೆ ಮಾಡಲಾಗಿದೆ" ಅನ್ನೋ ಎರಡು ಸಾಲಿನದ್ದಲ್ಲ. ಮುಂದೆ ಹೊರಗೆ ಹೋಗೋ ಯೋಚನೆ ಇದ್ರೆ ಎರಡನ್ನೂ ಈಗಲೇ ಬೇರೆ ಬೇರೆ ಕೇಳಿ. ಆರು ವರ್ಷ ಬಿಟ್ಟು ಕೇಳಿದ್ರೆ ನಿಮ್ಮ ಮ್ಯಾನೇಜರ್ ಯಾರು ಅಂತಲೂ ಅಲ್ಲಿ ಗೊತ್ತಿರೋಲ್ಲ.

ನೀರುದೋಸೆ
ಮ್ಯೂನಿಕ್‌ನಲ್ಲಿ ಕುಚ್ಚಲಕ್ಕಿ ಸಿಗ್ತದಾ?

ಮ್ಯೂನಿಕ್ ಮಲೆನಾಡಿಗ
ಶ್ರೀಲಂಕಾದವರ ಅಂಗಡೀಲಿ ಕೆಂಪಕ್ಕಿ ಸಿಗುತ್ತೆ. ನಮ್ಮ ಕುಚ್ಚಲಕ್ಕಿ ರುಚಿ ಇಲ್ಲ ಬಿಡಿ.

ಗಿರ್ಮಿಟ್ ಪ್ರಿಯ
ಅಕ್ಕಾರ, ಯಾರೂ ಗ್ರಾಚ್ಯುಟಿ ಲೆಕ್ಕ ಮಾಡಲೇ ಇಲ್ಲಲ್ಲ. 2021ರ ಏಪ್ರಿಲ್‌ನಿಂದ 2026ರ ಜನವರಿ, ಐದು ವರ್ಷ ಆಗಿಲ್ಲ. ಹೋತಲ್ಲ?

ಕಾನೂನು ಕಣ್ಣು
ಹೋಗಿಲ್ಲ! ನಾಲ್ಕು ವರ್ಷ 240 ದಿನ ಆದ್ರೆ ಸಾಕು, ಮದ್ರಾಸ್ ಹೈಕೋರ್ಟ್ ಹೇಳಿದೆ. ಇವರದ್ದು ಐದನೇ ವರ್ಷದಲ್ಲಿ ಸುಮಾರು ಒಂಬತ್ತು ತಿಂಗಳು ಆಗಿದೆ. ಇದರಲ್ಲಾದ್ರೂ ನಾನು ಸರಿ ಅಲ್ವಾ ಅಕ್ಕ?

ಪೇರೋಲ್ ಅಕ್ಕ
ಮುಕ್ಕಾಲು ಸರಿ. ನಿರಂತರ ಸೇವೆಯ ವ್ಯಾಖ್ಯೆಯಲ್ಲಿ ಕೆಲಸ ಮಾಡಿದ 240 ದಿನ ಅಂತಿದೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯೋ ಕಚೇರಿಗೆ ಅದು 190 ದಿನ. ಇವರದ್ದು ಐದು ದಿನದ ವಾರ ಆಗಿದ್ರೆ, ಕಳೆದ ಏಪ್ರಿಲ್ 12ರಿಂದ ಜನವರಿ 9ರವರೆಗೆ ಸೋಮವಾರದಿಂದ ಶುಕ್ರವಾರ ಎಣಿಸಿದ್ರೆ 195 ದಿನ ಬರುತ್ತೆ. ಸಂಬಳ ಸಹಿತ ರಜೆ ಲೆಕ್ಕಕ್ಕೆ ಸೇರುತ್ತೆ, ಸಂಬಳ ಇಲ್ಲದ ರಜೆ ಕಳೀಬೇಕು. ಹಬ್ಬದ ರಜೆ ಸೇರುತ್ತೋ ಇಲ್ಲವೋ ಅಂತ ಕಂಪನಿ ತಕರಾರು ತೆಗೆದ್ರೆ ಗೆರೆ ಮೇಲೆ ನಡೆದ ಹಾಗೆ.

ಸಿಕ್ಕಿದ್ರೆ ಎಷ್ಟು? ಬರೀ ಬೇಸಿಕ್ ಹಿಡಿದ್ರೂ 24,000 ಗುಣ 15, ಭಾಗ 26, ಗುಣ 5 ವರ್ಷ. ಸುಮಾರು ₹69,230. ಅಲ್ಲಿಗೆ ನೋಟಿಸ್ ಜಗಳಕ್ಕಿಂತ ಇದೇ ದೊಡ್ಡ ಮೊತ್ತ.

ಎಚ್‌ಆರ್ ಕಡೆಯವ
ಒಪ್ಪೋಕಾಗಲ್ಲ. ನಮ್ಮ ಕಂಪನಿಯ ವಕೀಲರು ಐದು ವರ್ಷ ಪೂರ್ತಿ ಆಗಲೇಬೇಕು ಅಂತಾರೆ. ಮದ್ರಾಸ್ ತೀರ್ಪು ಕರ್ನಾಟಕದಲ್ಲಿ ನಮ್ಮನ್ನ ಕಟ್ಟಿಹಾಕಲ್ಲ ಅನ್ನೋದು ಅವರ ವಾದ.

ಪೇರೋಲ್ ಅಕ್ಕ
ನಿಮ್ಮ ವಕೀಲರು ಕಂಪನಿ ದುಡ್ಡಲ್ಲಿ ಹೇಳ್ತಾರೆ, ನಾನು ಪುಕ್ಕಟೆ ಹೇಳ್ತೀನಿ, ಅಷ್ಟೇ ವ್ಯತ್ಯಾಸ. ಕೇಳೋದ್ರಲ್ಲಿ ನಷ್ಟ ಇಲ್ಲ. ಆದ್ರೆ ಇದನ್ನ ಎಫ್‌ಎನ್‌ಎಫ್ ಮೇಲ್‌ಗೆ ಸೇರಿಸಬೇಡಿ. ಖಚಿತವಾದ 7,200ರ ಪಕ್ಕ ವಿವಾದದ 69,230 ಇಟ್ರೆ ಇಡೀ ಮೇಲ್ ಲೀಗಲ್ ಟೀಮ್ ಮೇಜಿಗೆ ಹೋಗಿ ಕೂರುತ್ತೆ. ಗ್ರಾಚ್ಯುಟಿಗೆ ಪ್ರತ್ಯೇಕ ಅರ್ಜಿ ನಮೂನೆ ಇದೆ, ಅದನ್ನೇ ಬೇರೆ ಮೇಲ್‌ನಲ್ಲಿ ಕಳಿಸಿ.

ಜಾಲಹಳ್ಳಿ ಕ್ರಾಸ್
ಎಲ್ಲ ಸೇರಿಸಿ ಬರೆದಿದ್ದೀನಿ, ನೋಡಿ. ಕಳಿಸುವಾಗ ಇಂಗ್ಲಿಷ್‌ಗೆ ತಿರುಗಿಸ್ತೀನಿ, ಪೇರೋಲ್‌ನವರು ನೋಯ್ಡಾದಲ್ಲಿದ್ದಾರೆ.

> ವಿಷಯ: ಎಂಪ್ಲಾಯಿ ಐಡಿ (ಸಂಖ್ಯೆ), ಕೊನೆಯ ದಿನ 09-01-2026: ಎಫ್‌ಎನ್‌ಎಫ್ ತಿದ್ದುಪಡಿ, ಪಿಎಫ್ ತಾರೀಖು, ಪತ್ರಗಳು
>
> ಮಾನ್ಯರೇ,
> ನಿನ್ನೆ ಕಳಿಸಿದ ಎಫ್‌ಎನ್‌ಎಫ್ ಶೀಟ್ ತಲುಪಿದೆ. ಕೆಳಗಿನ ಮೂರು ವಿಷಯಗಳನ್ನು ಆಯಾ ವಿಭಾಗಕ್ಕೆ ತಲುಪಿಸಬೇಕಾಗಿ ಕೋರುತ್ತೇನೆ.
>
> ಹಣ (ಪೇರೋಲ್): ನೋಟಿಸ್ ಕಡಿತವನ್ನು ಒಟ್ಟು ಸಂಬಳದ ಮೇಲೆ ₹40,000 ಎಂದು ಹಾಕಲಾಗಿದೆ. ನೇಮಕಾತಿ ಪತ್ರದ ನೋಟಿಸ್ ಪ್ಯಾರಾದಲ್ಲಿ ಬೇಸಿಕ್ ಸಂಬಳ ಎಂದಿದೆ. ಅದರಂತೆ 20 ದಿನಕ್ಕೆ ₹16,000. ಸಿಬಿಐಸಿ ಸುತ್ತೋಲೆ 178/10/2022-GST (03-08-2022) ಪ್ರಕಾರ ಇದಕ್ಕೆ ಜಿಎಸ್‌ಟಿ ಅನ್ವಯಿಸುವುದಿಲ್ಲ. ತಿದ್ದಿದ ಶೀಟ್ ಕಳಿಸಿ, ನನಗೆ ಬರಬೇಕಾದ ಮೊತ್ತವನ್ನು ಸಂಬಳದ ಖಾತೆಗೇ ಜಮಾ ಮಾಡಿ.
>
> ಪಿಎಫ್: ಜನವರಿ 2026ರ ವಂತಿಗೆ ಕಟ್ಟಿರುವುದನ್ನು ಖಚಿತಪಡಿಸಿ, ಕೆಲಸ ಬಿಟ್ಟ ತಾರೀಖನ್ನು 09-01-2026 ಎಂದು ದಾಖಲಿಸಿ. ಟ್ರಾನ್ಸ್‌ಫರ್ ಅರ್ಜಿಯನ್ನು ನಾನೇ ಹಾಕುತ್ತೇನೆ.
>
> ಪತ್ರಗಳು (ಎಚ್‌ಆರ್): ರಿಲೀವಿಂಗ್ ಲೆಟರ್ ಮತ್ತು ಹುದ್ದೆ, ಕೆಲಸದ ವಿವರವಿರುವ ಅನುಭವ ಪತ್ರವನ್ನು ಕಳಿಸಿ. ಲ್ಯಾಪ್‌ಟಾಪ್, ಐಡಿ ಕಾರ್ಡ್ ಒಪ್ಪಿಸಿದ ರಸೀದಿ ಲಗತ್ತಿಸಿದ್ದೇನೆ. ಫಾರ್ಮ್ 16 ಅನ್ನು ಈ ಪರ್ಸನಲ್ ವಿಳಾಸಕ್ಕೇ ಕಳಿಸಬೇಕು.
>
> ಮುಂದಿನ ಶುಕ್ರವಾರದೊಳಗೆ ಉತ್ತರ ಕೊಡಬೇಕಾಗಿ ವಿನಂತಿ.

ಎಚ್‌ಆರ್ ಕಡೆಯವ
ಇಂಥ ಮೇಲ್ ಬಂದ್ರೆ ನಾನಾದ್ರೆ ಅವತ್ತೇ ಉತ್ತರ ಕೊಡ್ತೀನಿ. ಬಿಸಿನೆಸ್ ಎಚ್‌ಆರ್‌ನ ಸಿಸಿ ಹಾಕಿ. ಸಿಇಒನ ಹಾಕಬೇಡಿ, ಮೊದಲ ಮೇಲ್‌ಗೇ ಅದು ಅತಿ.

ಕಾನೂನು ಕಣ್ಣು
ಎರಡು ದಿನದ ಸೆಕ್ಷನ್ ಯಾಕೆ ಬಿಟ್ರಿ? ಹಾಕಿ, ಹೆದರಲಿ.

ಪೇರೋಲ್ ಅಕ್ಕ
ಅದು ಎರಡನೇ ಮೇಲ್‌ಗಿರಲಿ. ಅದಕ್ಕೂ ಬಗ್ಗದಿದ್ರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದ್ದೇ ಇದೆ. ಪಿಎಫ್ ತಕರಾರು ಮಾತ್ರ ಅಲ್ಲಿಗಲ್ಲ, ಅದಕ್ಕೆ `epfigms.gov.in`.

ರಾಗಿಮುದ್ದೆ_77
ಆ ಸೈಟಲ್ಲಿ ಮನೆ ಅಡ್ವಾನ್ಸ್ ಕೇಳಬಹುದಾ?

ಜಾಲಹಳ್ಳಿ ಕ್ರಾಸ್
ಅಪ್‌ಡೇಟ್. ಜಿಎಸ್‌ಟಿ ತೆಗೆದ್ರು, ನೋಟಿಸ್ ಬೇಸಿಕ್ ಮೇಲೆ ಹಾಕಿದ್ರು, ತಿದ್ದಿದ ಶೀಟ್ ಬಂತು. ರಿಲೀವಿಂಗ್ ಲೆಟರ್ ಕೂಡ ಬಂತು, ಅನುಭವ ಪತ್ರ ಮುಂದಿನ ವಾರ ಅಂತೆ. ಗ್ರಾಚ್ಯುಟಿ ಅರ್ಜಿಗೆ "ಲೀಗಲ್ ಟೀಮ್ ಪರಿಶೀಲಿಸುತ್ತಿದೆ" ಅಂತ ಒಂದು ಸಾಲು.

ಪಿಎಫ್‌ನಲ್ಲಿ ಹೊಸ ತಮಾಷೆ: ಬಿಟ್ಟ ತಾರೀಖು 31-01-2026 ಅಂತ ಹಾಕಿದ್ದಾರೆ. ನಾನು ಹೊಸ ಕಡೆ ಸೇರಿದ್ದು ಜನವರಿ 12! ಪರವಾಗಿಲ್ವಾ?

ನೀರುದೋಸೆ
ಬಿಡಿ ಮಾರಾಯ್ರೆ, ಇಪ್ಪತ್ತು ದಿನದ ವ್ಯತ್ಯಾಸ ಯಾರು ನೋಡ್ತಾರೆ.

ಪೇರೋಲ್ ಅಕ್ಕ
ನೋಡ್ತಾರೆ. ಒಂದೇ ಸಮಯದಲ್ಲಿ ಎರಡು ಕಡೆ ಕೆಲಸ ಮಾಡಿದ ಹಾಗೆ ಕಾಣುತ್ತೆ. ಹೀಗೆ ಸೇವೆ ಒಂದರ ಮೇಲೊಂದು ಬಿದ್ದಿದೆ ಅನ್ನೋ ಒಂದೇ ಕಾರಣಕ್ಕೆ ಟ್ರಾನ್ಸ್‌ಫರ್ ತಿರಸ್ಕರಿಸಬೇಡಿ ಅಂತ ಇಪಿಎಫ್‌ಒ 2025ರಲ್ಲಿ ತನ್ನ ಕಚೇರಿಗಳಿಗೆ ಹೇಳಿದೆ, ನಿಜ. ಆದ್ರೆ ವೆರಿಫಿಕೇಶನ್‌ನವರು ಇದನ್ನ ಮೂನ್‌ಲೈಟಿಂಗ್ ಅಂತ ಓದಬಹುದು. ರಿಲೀವಿಂಗ್ ಲೆಟರ್‌ನಲ್ಲಿ 9 ಅಂತಿದೆ ತಾನೇ? ಅದನ್ನ ಲಗತ್ತಿಸಿ, ಅದೇ ಮೇಲ್‌ಗೆ ಉತ್ತರವಾಗಿ, ಪಿಎಫ್ ತಾರೀಖು ತಿದ್ದಿ ಅಂತ ಇವತ್ತೇ ಬರೀರಿ. ನಿಮ್ಮ ಯುಎಎನ್ 2021ರದ್ದಾಗಿ ಆಧಾರ್ ಜೋಡಣೆ ಆಗಿದ್ರೆ ಸೇರಿದ, ಬಿಟ್ಟ ತಾರೀಖನ್ನ ನೀವೇ ತಿದ್ದಿಕೊಳ್ಳೋ ಅವಕಾಶವೂ 2025ರ ಜನವರಿಯಲ್ಲಿ ಬಂದಿದೆ. `Manage` ಒಳಗೆ `Joint Declaration` ನೋಡಿ. ತಾರೀಖು ಸರಿ ಆದ ಮೇಲೇ ಟ್ರಾನ್ಸ್‌ಫರ್ ಅರ್ಜಿ ಒತ್ತಿ, ಮುಂಚೆ ಬೇಡ.

ಕಾನೂನು ಕಣ್ಣು
ಗ್ರಾಚ್ಯುಟಿ 30 ದಿನ ದಾಟಿದ್ರೆ ಬಡ್ಡಿ ಸಮೇತ ಕೇಳಿ. ಇದು ಮಾತ್ರ ಖಂಡಿತ ಸರಿ.

ಎಚ್‌ಆರ್ ಕಡೆಯವ
ಕೊಡಬೇಕು ಅಂತ ತೀರ್ಮಾನ ಆದ್ರೆ ಬಡ್ಡಿ. ಅದೇ ಇನ್ನೂ ಆಗಿಲ್ವಲ್ಲ.